ಅಪ್ರೈಸಲ್‌ನಲ್ಲಿ ಎಲ್ಲರಿಗೂ 4, ಒಬ್ಬರಿಗೆ ಮಾತ್ರ 5: ಹೀಗೇಕಾಗುತ್ತದೆ, ಹೇಗೆ ತಪ್ಪಿಸುವುದು?

ಪ್ರಶ್ನೆ: ಪೀಣ್ಯದ ಒಂದು ಆಟೊ ಬಿಡಿಭಾಗಗಳ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೇನೆ. ಕೈಕೆಳಗೆ ಮಷಿನ್ ಸೆಟಪ್ ಮಾಡುವ ಸೆಟ್ಟರ್‌ಗಳು, ಶಿಫ್ಟ್ ಸೂಪರ್‌ವೈಸರ್‌ಗಳು ಸೇರಿ 8 ಜನ. ಮಾರ್ಚ್‌ನಲ್ಲಿ ಆರು ವಿಷಯಕ್ಕೆ 1ರಿಂದ 5ರವರೆಗೆ ಅಂಕ ಕೊಡಬೇಕು. ಹೋದ ವರ್ಷ ಹೆಚ್ಚುಕಡಿಮೆ ಎಲ್ಲರಿಗೂ 4 ಕೊಟ್ಟೆ. ಸೀನಿಯರ್ ಸೆಟ್ಟರ್ ಒಬ್ಬರಿಗೆ ಎಲ್ಲದರಲ್ಲೂ 5. ಈ ಫೆಬ್ರವರಿಯಲ್ಲಿ ನೈಟ್ ಶಿಫ್ಟ್‌ನಲ್ಲಿ ಲೋಹ ಕತ್ತರಿಸುವ ಇನ್ಸರ್ಟ್ ಹೊಸದು ಹಾಕಿದ ಮೇಲೆ ಬೋರ್, ಅಂದರೆ ಪೀಸ್‌ನ ಒಳಗಿನ ರಂಧ್ರ, ದೊಡ್ಡದಾಗಿ 54 ಪೀಸ್ ಸ್ಕ್ರ್ಯಾಪ್ ಆಯಿತು. ಆ ಸೂಪರ್‌ವೈಸರ್ ಹೆಸರು ಕಂಡರೆ 2 ಹಾಕಿಬಿಡೋಣ ಅನಿಸುತ್ತದೆ. ಎಚ್‌ಆರ್‌ನವರು ಅಂಕ ಹಾಕುವಾಗ ಆಗುವ ದೋಷಗಳು, ಹ್ಯಾಲೋ, ರೀಸೆನ್ಸಿ, ಲೀನಿಯೆನ್ಸಿ ಅಂತ ಒಂದು ಗಂಟೆ ಟ್ರೈನಿಂಗ್ ಕೊಟ್ಟು, "ಅಂಕ ಸ್ವಲ್ಪ ಹರಡಿ ಕೊಡಿ" ಎಂದರು. ಹೇಗೆ ಕೊಡಲಿ ಸರ್?

ಉತ್ತರ: ಎಚ್‌ಆರ್‌ನವರ ಆ ಕೊನೆಯ ಮಾತನ್ನು ಮೊದಲು ಪಕ್ಕಕ್ಕಿಡಿ. "ಹರಡಿ ಕೊಡಿ" ಅನ್ನುವುದು ಕೇಳೋಕೆ ಸರಿಯಾಗಿದೆ. ಆದರೆ ಅದನ್ನು ಪಾಲಿಸಿದರೆ ಅಂಕಗಳು ಬೇರೆ ಬೇರೆ ಕಾಣುತ್ತವೆ, ಅಷ್ಟೇ. ಸರಿಯಾಗುತ್ತವೆ ಅಂತೇನಿಲ್ಲ. 1980ರಲ್ಲಿ ಬರ್ನಾರ್ಡಿನ್ ಮತ್ತು ಪೆನ್ಸ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. ಒಂದೇ ಅಭಿಪ್ರಾಯವನ್ನು ಎಲ್ಲ ಕಾಲಂಗೂ ಇಳಿಸುವ ಹ್ಯಾಲೋ ಹೀಗಿರುತ್ತದೆ, ಧಾರಾಳವಾಗಿ ಕೊಡುವ ಲೀನಿಯೆನ್ಸಿ ಹೀಗಿರುತ್ತದೆ, ಎರಡನ್ನೂ ಮಾಡಬೇಡಿ ಅಂತ ಕಲಿಸಿದವರ ಅಂಕಗಳಲ್ಲಿ ಆ ಎರಡು ದೋಷಗಳೂ ಕಡಿಮೆಯಾದವು. ಜೊತೆಗೆ ನಿಖರತೆಯೂ ಕಡಿಮೆಯಾಯಿತು. ಒಂದೇ ಸಾಲಿನಲ್ಲಿ 5, 5, 5 ಬಂದರೆ ತಪ್ಪು ಅಂತ ಅವರ ತಲೆಯಲ್ಲಿ ಕೂತಿತ್ತು. ಹಾಗಾಗಿ ನಿಜಕ್ಕೂ ಎಲ್ಲದರಲ್ಲೂ ಚೆನ್ನಾಗಿದ್ದವನಿಗೂ ಎಲ್ಲೋ ಒಂದು ಕಡೆ ಅಂಕ ಕತ್ತರಿಸಿದರು.

ನೀವೂ ಹಾಗೆ ಮಾಡಿದರೆ 4 ಇದ್ದ ಕಡೆ ಒಂದಷ್ಟು 3, ಒಂದಷ್ಟು 5 ಬರುತ್ತದೆ. ಎಚ್‌ಆರ್‌ನ ಎಕ್ಸೆಲ್ ಶೀಟ್ ಚೆಂದ ಕಾಣುತ್ತದೆ. ಯಾರಿಗೆ ಯಾಕೆ 3 ಅಂತ ಕೇಳಿದರೆ ಉತ್ತರ ಮಾತ್ರ ಇರುವುದಿಲ್ಲ.

ಹ್ಯಾಲೋ, ರೀಸೆನ್ಸಿ, ಲೀನಿಯೆನ್ಸಿ ಮೂರನ್ನೂ ಟ್ರೈನಿಂಗ್‌ನಲ್ಲಿ ಒಂದೇ ಸ್ಲೈಡ್‌ನಲ್ಲಿ ತೋರಿಸುತ್ತಾರೆ. ಆದರೆ ಮೂರರ ಬೇರೂ ಬೇರೆ. ರೀಸೆನ್ಸಿ ನೆನಪಿನ ಸಮಸ್ಯೆ. ಏಪ್ರಿಲ್, ಮೇನಲ್ಲಿ ಏನಾಯಿತು ಅಂತ ನಿಮಗೆ ನೆನಪಿಲ್ಲ, ಫೆಬ್ರವರಿಯದ್ದು ಕಣ್ಣ ಮುಂದಿದೆ. ಹ್ಯಾಲೋ ತೀರ್ಮಾನದ ಸಮಸ್ಯೆ. ಆ ವ್ಯಕ್ತಿಯ ಬಗ್ಗೆ ಒಂದು ಒಟ್ಟು ಅಭಿಪ್ರಾಯ ಮೊದಲೇ ಇದೆ, ಆರು ಕಾಲಂಗೂ ಅದೇ ಇಳಿಯುತ್ತದೆ. ಲೀನಿಯೆನ್ಸಿ ಹೆಚ್ಚಿನ ಸಲ ಇವೆರಡೂ ಅಲ್ಲ. 3 ಅಂತ ನಿಮಗೆ ಗೊತ್ತಿರುತ್ತದೆ, ಗೊತ್ತಿದ್ದೂ 4 ಹಾಕುತ್ತೀರಿ. ಮೊದಲ ಎರಡಕ್ಕೆ ಕೆಲಸದ ಕ್ರಮ ಬದಲಿಸಿದರೆ ಸಾಕಷ್ಟು ಗುಣ ಕಾಣುತ್ತದೆ. ಮೂರನೆಯದಕ್ಕೆ ಅದೊಂದೇ ಸಾಲದು. ಅದನ್ನು ಕೊನೆಗೆ ಹೇಳುತ್ತೇನೆ.

ಈಗ ಆ 54 ಪೀಸ್ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು.

ಹೊಸ ಇನ್ಸರ್ಟ್ ಹಾಕಿದ ಮೇಲೆ ಬೋರ್ ದೊಡ್ಡದಾಯಿತು ಅಂದಿದ್ದೀರಿ. ಇನ್ಸರ್ಟ್ ಸವೆದಾಗ ಬೋರ್ ಚಿಕ್ಕದಾಗುತ್ತಾ ಹೋಗುತ್ತದೆ. ಅದನ್ನು ಸರಿಪಡಿಸಲು ಸೆಟ್ಟರ್ ಮಷಿನ್‌ಗೆ ವೇರ್ ಆಫ್‌ಸೆಟ್ ಎಂಬ ತಿದ್ದುಪಡಿ ಕೊಡುತ್ತಾನೆ. ಇನ್ಸರ್ಟ್ ಬದಲಾಯಿಸಿದಾಗ ಆ ಆಫ್‌ಸೆಟ್ ತೆಗೆಯದೆ ಬಿಟ್ಟರೆ, ಹೊಸ ಅಂಚು ಅಷ್ಟೂ ಜಾಸ್ತಿ ಕತ್ತರಿಸುತ್ತದೆ. ಬೋರ್ ಚಿಕ್ಕದಾಗಿದ್ದರೆ ಮತ್ತೆ ಬೋರ್ ಮಾಡಿ ಉಳಿಸಬಹುದು. ದೊಡ್ಡದಾದರೆ ಸ್ಕ್ರ್ಯಾಪೇ. ಹಾಗಾಗಿ ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ನೈಟ್ ಶಿಫ್ಟ್‌ನಲ್ಲಿ ಯಾರಿದ್ದರು" ಅನ್ನುವುದಲ್ಲ. "ಆ ಆಫ್‌ಸೆಟ್ ಯಾವಾಗ ಕೊಟ್ಟಿದ್ದು, ಯಾರು ಕೊಟ್ಟಿದ್ದು, ಲಾಗ್ ಬುಕ್‌ನಲ್ಲಿ ಬರೆದಿದ್ದರಾ" ಅನ್ನುವುದು.

ಶಿಫ್ಟ್ ಲಾಗ್ ಬುಕ್ ತೆಗೆದು ಆ ದಿನದ ಪುಟ ನೋಡಿ. ಆಫ್‌ಸೆಟ್ ಡೇ ಶಿಫ್ಟ್‌ನಲ್ಲಿ ಕೊಟ್ಟಿದ್ದು, ಕೊಟ್ಟವರು ನಿಮ್ಮ ಸೀನಿಯರ್ ಸೆಟ್ಟರ್, ಹ್ಯಾಂಡೋವರ್ ಕಾಲಂ ಖಾಲಿ ಅಂತಾದರೆ ಕಥೆ ಅರ್ಧ ಬದಲಾಗುತ್ತದೆ. ಪೂರ್ತಿ ಅಲ್ಲ, ಅರ್ಧ. ಯಾಕೆಂದರೆ ಇನ್ಸರ್ಟ್ ಬದಲಾಯಿಸಿದ ಮೇಲೆ ಫಸ್ಟ್ ಪೀಸ್ ಚೆಕ್ ಆಗಬೇಕಿತ್ತು. ಒಂದು ಪೀಸ್ ಬೋರ್ ಗೇಜ್ ಹಾಕಿ ನೋಡಿದ್ದರೆ 53 ಪೀಸ್ ಉಳಿಯುತ್ತಿದ್ದವು. ಅದು ನೈಟ್ ಸೂಪರ್‌ವೈಸರ್ ಜವಾಬ್ದಾರಿ. ಒಂದು ಘಟನೆಯಲ್ಲಿ ಎರಡು ತಪ್ಪು, ಇಬ್ಬರು ಜನ, ಎರಡು ಬೇರೆ ಕಾಲಂ. ನಿಮ್ಮ ತಲೆಯಲ್ಲಿ ಮಾತ್ರ ಅದು "ಒಬ್ಬನಿಗೆ 2" ಅಂತ ಕೂತಿದೆ.

ಇಲ್ಲಿ ರೀಸೆನ್ಸಿ, ಹ್ಯಾಲೋ ಎರಡೂ ಒಟ್ಟಿಗೆ ಕೆಲಸ ಮಾಡಿವೆ, ಗಮನಿಸಿದಿರಾ? ಸೀನಿಯರ್ ಸೆಟ್ಟರ್ ಒಳ್ಳೆಯವನು ಅನ್ನುವ ಅಭಿಪ್ರಾಯ ಗಟ್ಟಿಯಾಗಿದೆ. ಹಾಗಾಗಿ ತಪ್ಪು ಹುಡುಕುವಾಗ ಕಣ್ಣು ಆ ಕಡೆ ಹೋಗಲೇ ಇಲ್ಲ. ಹ್ಯಾಲೋ ಅಂಕ ಹಾಕುವ ದಿನ ಶುರುವಾಗುವುದಿಲ್ಲ. ಫೆಬ್ರವರಿಯಲ್ಲಿ, ಸ್ಕ್ರ್ಯಾಪ್ ಆದ ಮರುದಿನ ಬೆಳಿಗ್ಗೆಯೇ ಅದರ ಕೆಲಸ ಮುಗಿದಿರುತ್ತದೆ.

ಇದಕ್ಕೆ ಹ್ಯಾಲೋ ಅಂತ ಹೆಸರಿಟ್ಟವರು ಎಡ್ವರ್ಡ್ ಥಾರ್ನ್‌ಡೈಕ್, ಅಮೆರಿಕದ ಮನಶ್ಶಾಸ್ತ್ರಜ್ಞ. 1920ರ ಅವರ ಲೇಖನದಲ್ಲಿ ಸೇನೆಯ ಅಧಿಕಾರಿಗಳಿಗೆ ಅವರ ಮೇಲಧಿಕಾರಿಗಳು ಕೊಟ್ಟ ಅಂಕಗಳಿವೆ. ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಲ್ಲಕ್ಕೂ ಬೇರೆ ಬೇರೆ ಅಂಕ ಕೊಡಿ ಅಂತ ಹೇಳಲಾಗಿತ್ತು. ಬಂದದ್ದು ನೋಡಿದರೆ ಒಂದಕ್ಕೊಂದು ಅಂಟಿಕೊಂಡಂತಿದ್ದವು. ಮೈಕಟ್ಟು ಚೆನ್ನಾಗಿದ್ದವನಿಗೆ ಬುದ್ಧಿಯೂ ಜಾಸ್ತಿ, ನಡತೆಯೂ ಒಳ್ಳೆಯದು! ಸಂಬಂಧ ಸ್ವಲ್ಪ ಇರಬಹುದು, ಆದರೆ ಇಷ್ಟೊಂದು, ಅದೂ ಎಲ್ಲದರ ನಡುವೆ ಇಷ್ಟು ಸಮನಾಗಿ ಇರಲಾರದು ಅನ್ನುವುದು ಥಾರ್ನ್‌ಡೈಕ್ ಅವರ ತಕರಾರು. ನೂರು ವರ್ಷ ಆಯಿತು, ನಿಮ್ಮ ಫಾರಂನಲ್ಲೂ ಅದೇ ಕಾಣುತ್ತಿದೆ.

ನಿಮ್ಮ ಸೀನಿಯರ್ ಸೆಟ್ಟರ್‌ನನ್ನೇ ತೆಗೆದುಕೊಳ್ಳಿ. ಹೊಸ ಪಾರ್ಟ್ ಬಂದಾಗ ಬೇರೆಯವರಿಗೆ ನಾಲ್ಕು ಗಂಟೆ ಹಿಡಿಯುವ ಸೆಟಪ್ ಅನ್ನು ಎರಡು ಗಂಟೆಯಲ್ಲಿ ಮುಗಿಸುವಂಥವರು ಪ್ರತಿ ಮಷಿನ್ ಶಾಪ್‌ನಲ್ಲೂ ಒಬ್ಬರಿರುತ್ತಾರೆ. ಡಿಸ್ಪ್ಯಾಚ್ ತಡವಾದಾಗ ಕಾಪಾಡುವವರೂ ಅವರೇ. ಸೆಟಪ್ ಕಾಲಂನಲ್ಲಿ 5 ಕೊಡಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಟ್ರೈನಿಗಳಿಗೆ ಕಲಿಸುವುದು? ಲಾಗ್ ಬರೆಯುವುದು? ಇಂಥವರಲ್ಲಿ ಕೆಲವರಿಗೆ ಬರೆದಿಡುವ ಅಭ್ಯಾಸವೇ ಇರುವುದಿಲ್ಲ. ಎಲ್ಲ ತಲೆಯಲ್ಲೇ ಇರುತ್ತದೆ. ಅವರು ರಜೆ ಹಾಕಿದ ದಿನ ಇದು ಗೊತ್ತಾಗುತ್ತದೆ. ಆದರೆ ಆ ದಿನ ಬೈಸಿಕೊಳ್ಳುವವರು ಕೆಲಸಕ್ಕೆ ಬಂದವರು.

ಹಾಗಂತ ಅವರಿಗೆ ಎಲ್ಲೋ ಒಂದು 3 ಹಾಕಲೇಬೇಕು ಅಂತ ನಾನು ಹೇಳುತ್ತಿಲ್ಲ. ಲಾಗ್ ಬುಕ್ ನೋಡಿ, ಎಲ್ಲ ಸರಿಯಿದ್ದರೆ 5 ಇರಲಿ. ಕೆಲಸ ಗೊತ್ತಿರುವುದು ಮತ್ತು ಗುಣಮಟ್ಟ, ಇಂಥ ಕಾಲಂಗಳು ಸಹಜವಾಗಿ ಜೊತೆಗೇ ಹೋಗುತ್ತವೆ. ಅಲ್ಲಿ ಒಂದೇ ಅಂಕ ಬಂದರೆ ಅದು ದೋಷವಲ್ಲ. ಸೆಟಪ್ ವೇಗ ಮತ್ತು ಹ್ಯಾಂಡೋವರ್ ಹಾಗಲ್ಲ, ಅವು ಜೊತೆಗಿರಬೇಕಿಲ್ಲ. ಎಂಟು ಜನಕ್ಕೂ ಅವೆರಡರಲ್ಲಿ ಒಂದೇ ಅಂಕ ಬಂದಿದ್ದರೆ ಅಲ್ಲಿ ನಿಂತು ನೋಡಿ.

ಹ್ಯಾಲೋ ತಗ್ಗಿಸಲು ಎರಡು ಕೆಲಸ ಮಾಡಿ. ಮೊದಲನೆಯದು ತುಂಬಾ ಸುಲಭ, ಇವತ್ತೇ ಮಾಡಬಹುದು. ಫಾರಂ ಒಬ್ಬೊಬ್ಬರಿಗೆ ಒಂದೊಂದು ಇರುತ್ತದೆ, ನಾವೂ ಹಾಗೇ ತುಂಬುತ್ತೇವೆ. ಒಬ್ಬರ ಆರೂ ಕಾಲಂ ಮುಗಿಸಿ ಮುಂದಿನವರಿಗೆ ಹೋಗುತ್ತೇವೆ. ಅಲ್ಲೇ ಮೊದಲ ಅಂಕ ಉಳಿದ ಐದನ್ನು ಎಳೆದುಕೊಂಡು ಹೋಗುತ್ತದೆ. ಹಾಗೆ ಮಾಡಬೇಡಿ. ಒಂದು ಬಿಳಿ ಹಾಳೆಯಲ್ಲಿ ಎಂಟು ಹೆಸರು ಬರೆದು, "ಶಿಫ್ಟ್ ಹ್ಯಾಂಡೋವರ್" ಒಂದಕ್ಕೆ ಮಾತ್ರ ಎಂಟೂ ಜನಕ್ಕೆ ಅಂಕ ಹಾಕಿ. ಹಾಳೆ ಮಡಚಿ ಡ್ರಾಯರ್‌ಗೆ ಹಾಕಿ. ಮಾರನೇ ದಿನ ಹೊಸ ಹಾಳೆ, ಹೊಸ ವಿಷಯ, ಹೆಸರುಗಳ ಸಾಲೂ ಬೇರೆ. ಆರು ದಿನ, ದಿನಕ್ಕೆ ಇಪ್ಪತ್ತು ನಿಮಿಷ. ಕೊನೆಗೆ ಎಲ್ಲ ಹಾಳೆ ತೆಗೆದು ಫಾರಂಗೆ ಇಳಿಸಿ. ಹೀಗೆ ಮಾಡಿದಾಗ ನೀವು "ಇವನು ಹೇಗೆ" ಅಂತ ಯೋಚಿಸುವುದಿಲ್ಲ. "ಎಂಟು ಜನರಲ್ಲಿ ಹ್ಯಾಂಡೋವರ್ ಯಾರದ್ದು ಹೇಗೆ" ಅಂತ ಯೋಚಿಸುತ್ತೀರಿ.

ಫಾರಂಗೆ ಇಳಿಸುವಾಗ "ಅಯ್ಯೋ, ಇವರಿಗೆ ಹ್ಯಾಂಡೋವರ್‌ನಲ್ಲಿ 3 ಬಂತಲ್ಲ" ಅಂತ ಕೈ ತಿದ್ದಲು ಹೋಗುತ್ತದೆ. ತಿದ್ದಬೇಡಿ ಅಂತಲ್ಲ. ತಿದ್ದುವುದಾದರೆ ಯಾವ ಘಟನೆ ನೆನಪಾಗಿ ತಿದ್ದಿದೆ ಅಂತ ಪಕ್ಕದಲ್ಲಿ ಬರೆಯಿರಿ. ಬರೆಯಲು ಘಟನೆ ಸಿಗದಿದ್ದರೆ ಅಂಕ ಹಾಗೇ ಇರಲಿ.

ಎರಡನೆಯದಕ್ಕೆ ಸ್ವಲ್ಪ ಸಮಯ ಬೇಕು. 3 ಅಂದರೇನು, 5 ಅಂದರೇನು ಅಂತ ಕೆಲಸದ ಭಾಷೆಯಲ್ಲಿ ಬರೆದಿಡುವುದು. ನಿಮ್ಮ ಫಾರಂನಲ್ಲಿ "ಉತ್ತಮ", "ಅತ್ಯುತ್ತಮ" ಅಂತ ಇರಬಹುದು. ಅದು ಏನನ್ನೂ ಹೇಳುವುದಿಲ್ಲ. 1963ರಲ್ಲಿ ಸ್ಮಿತ್ ಮತ್ತು ಕೆಂಡಾಲ್ ಎಂಬುವರು ನರ್ಸ್‌ಗಳ ಕೆಲಸಕ್ಕೆ ಹೊಸ ತರಹದ ಸ್ಕೇಲ್ ಮಾಡಿದರು. ಪ್ರತಿ ಅಂಕದ ಪಕ್ಕ ಕಣ್ಣಿಗೆ ಕಾಣುವ ಒಂದು ನಡವಳಿಕೆ ಬರೆದಿಟ್ಟರು. ಆ ನಡವಳಿಕೆಗಳನ್ನು ಹೇಳಿದವರು ಆ ಕೆಲಸ ಬಲ್ಲವರೇ.

ನಿಮ್ಮ ಹ್ಯಾಂಡೋವರ್ ಕಾಲಂಗೆ ಹೀಗಿರಬಹುದು. 5: ಮುಂದಿನ ಶಿಫ್ಟ್‌ನವರು ಫೋನ್ ಮಾಡದೆ ಮಷಿನ್ ಓಡಿಸಬಹುದು. ಆಫ್‌ಸೆಟ್ ಎಷ್ಟು, ಇನ್ಸರ್ಟ್ ಎಷ್ಟು ಪೀಸ್ ಓಡಿದೆ, ಯಾವ ಗೇಜ್ ಮೇಲೆ ಅನುಮಾನ ಇದೆ, ಎಲ್ಲ ಬರೆದಿರುತ್ತದೆ. 3: ಲಾಗ್ ತುಂಬಿರುತ್ತದೆ, ಆದರೆ ಆಫ್‌ಸೆಟ್ ಬದಲಾಗಿದ್ದರೆ ಕೇಳಿ ತಿಳಿದುಕೊಳ್ಳಬೇಕು. 1: ಪ್ರೊಡಕ್ಷನ್ ಸಂಖ್ಯೆ ಮಾತ್ರ ಇರುತ್ತದೆ, ಉಳಿದದ್ದು ಖಾಲಿ. 2 ಮತ್ತು 4 ಇವುಗಳ ನಡುವೆ ಬೀಳುತ್ತವೆ, ಅವಕ್ಕೆ ಬೇರೆ ಬರೆಯಬೇಕಿಲ್ಲ.

ನೀವೊಬ್ಬರೇ ಕೂತು ಬರೆದರೆ ಅದು ನಿಮ್ಮ ಅಭಿಪ್ರಾಯ ಅಷ್ಟೇ ಆಗುತ್ತದೆ. ಇಬ್ಬರು ಸೂಪರ್‌ವೈಸರ್, ಕ್ವಾಲಿಟಿಯವರೊಬ್ಬರನ್ನು ಕೂರಿಸಿಕೊಂಡು, "ಒಳ್ಳೆ ಹ್ಯಾಂಡೋವರ್ ಅಂದರೆ ಯಾವಾಗ ನೋಡಿದ್ದೀರಿ, ಕೆಟ್ಟದ್ದು ಯಾವಾಗ" ಅಂತ ಕೇಳಿ. ಬಂದ ಘಟನೆಗಳನ್ನು ಚೀಟಿಯಲ್ಲಿ ಬರೆದು ಕಲಸಿ, ಆ ಮಾತುಕತೆಯಲ್ಲಿ ಇಲ್ಲದ ಬೇರೊಬ್ಬರ ಕೈಗೆ ಕೊಡಿ. ಯಾವ ಚೀಟಿ ಯಾವ ವಿಷಯಕ್ಕೆ ಸೇರುತ್ತದೆ, ಎಷ್ಟು ಅಂಕದ್ದು ಅಂತ ಅವರು ಇಡಲಿ. ಒಬ್ಬರು 4 ಅಂದದ್ದನ್ನು ಇನ್ನೊಬ್ಬರು 2 ಅಂದರೆ ಆ ಚೀಟಿ ಕಸದ ಬುಟ್ಟಿಗೆ. ಎಲ್ಲರೂ ಒಂದೇ ಕಡೆ ಇಟ್ಟದ್ದು ಮಾತ್ರ ಉಳಿಯಲಿ. ಆರು ವಿಷಯಕ್ಕೂ ಮಾಡಲು ಒಂದು ಶನಿವಾರ ಮಧ್ಯಾಹ್ನ ಹಿಡಿಯಬಹುದು. ಸಮಯ ಇಲ್ಲದಿದ್ದರೆ ಜಾಸ್ತಿ ಜಗಳ ಆಗುವ ಎರಡು ವಿಷಯಕ್ಕಾದರೂ ಮಾಡಿ.

ಇನ್ನು ರೀಸೆನ್ಸಿ. ಇದಕ್ಕೆ ನೋಟ್‌ಬುಕ್ ಬಿಟ್ಟು ಬೇರೆ ದಾರಿ ನಾನು ನೋಡಿಲ್ಲ. ನೋಟ್‌ಬುಕ್ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಇಡಬೇಕು ಅಂತ ಹೇಳುವವರು ಕಡಿಮೆ, ಅಲ್ವಾ? ಸುಮ್ನೆ "ಏನಾದರೂ ಆದರೆ ಬರೆದುಕೊಳ್ಳಿ" ಅಂದರೆ ಹೀಗಾಗುತ್ತದೆ: ನೈಟ್ ಶಿಫ್ಟ್‌ನವರ ಸ್ಕ್ರ್ಯಾಪ್ ಬರೆಯುತ್ತೀರಿ, ಸೀನಿಯರ್ ಸೆಟ್ಟರ್ ಡಿಸ್ಪ್ಯಾಚ್ ಉಳಿಸಿದ್ದು ಬರೆಯುತ್ತೀರಿ. ಮಧ್ಯದವರ ಪುಟ ಖಾಲಿ. ಅಂದರೆ ಹ್ಯಾಲೋ ನೋಟ್‌ಬುಕ್ ಒಳಗೇ ಬಂದು ಕೂತಿರುತ್ತದೆ. ವರ್ಷದ ಕೊನೆಗೆ ಅದು ನಿಮ್ಮ ಅಭಿಪ್ರಾಯಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಇದು ನೋಟ್‌ಬುಕ್ ಇಲ್ಲದಿರುವುದಕ್ಕಿಂತ ಅಪಾಯ.

ಹಾಗಾಗಿ ಸರದಿ ಮಾಡಿ. ಪ್ರತಿ ಶುಕ್ರವಾರ ಇಬ್ಬರ ಹೆಸರು. ಆ ವಾರ ಏನೂ ವಿಶೇಷ ಆಗದಿದ್ದರೂ ಅವರಿಬ್ಬರ ಬಗ್ಗೆ ಬರೆಯಲೇಬೇಕು. ನಾಲ್ಕು ವಾರಕ್ಕೆ ಎಂಟು ಜನ ಮುಗಿದು ಮತ್ತೆ ಮೊದಲಿನಿಂದ. ಬರೆಯಲು ಏನೂ ಹೊಳೆಯದಿದ್ದರೆ ಎದ್ದು ಹೋಗಿ ಲಾಗ್ ಬುಕ್, ರಿಜೆಕ್ಷನ್ ರಿಜಿಸ್ಟರ್, ಬ್ರೇಕ್‌ಡೌನ್ ಸ್ಲಿಪ್ ನೋಡಿ. ಸಿಕ್ಕೇ ಸಿಗುತ್ತದೆ. ಸರದಿಯ ಹೊರಗೆ ದೊಡ್ಡದೇನಾದರೂ ಆದರೆ ಅದನ್ನೂ ಬರೆಯಿರಿ, ಬೇಡ ಅನ್ನುವುದಿಲ್ಲ. ವರ್ಷಕ್ಕೆ ಒಬ್ಬೊಬ್ಬರಿಗೂ ಕನಿಷ್ಠ 12, 13 ಟಿಪ್ಪಣಿ ಸಿಗುತ್ತವೆ. ಸಾಕು.

ಬರೆಯುವ ರೀತಿ ಹೀಗಿರಲಿ: "ಜೂನ್ ಮೂರನೇ ವಾರ. ಕೂಲೆಂಟ್ ಪಂಪ್ ಕೆಟ್ಟಿತು. ಮೆಂಟೆನೆನ್ಸ್‌ಗೆ ಕಾಯದೆ ಕೆಲಸವನ್ನು ಪಕ್ಕದ ಮಷಿನ್‌ಗೆ ಹಾಕಿದರು, ಫಸ್ಟ್ ಪೀಸ್ ಚೆಕ್ ಮಾಡಿ ಸಹಿ ಹಾಕಿಸಿದರು. ಒಂದು ಗಂಟೆಯೊಳಗೆ ಪ್ರೊಡಕ್ಷನ್ ಶುರುವಾಯಿತು." ಏನಾಯಿತು, ಅವರು ಏನು ಮಾಡಿದರು, ಅದರಿಂದ ಏನಾಯಿತು. ಇಷ್ಟೇ. "ಜವಾಬ್ದಾರಿ ಇದೆ", "ಸೋಮಾರಿ", "ಒಳ್ಳೆ ಹುಡುಗ" ಇಂಥ ಪದ ಬಂದರೆ ಹೊಡೆದುಹಾಕಿ. ಅದು ತೀರ್ಪು. ತೀರ್ಪು ಮಾರ್ಚ್‌ನಲ್ಲಿ ಕೊಡೋಣ.

ಮಾರ್ಚ್‌ನಲ್ಲಿ ಓದುವಾಗ ಏಪ್ರಿಲ್‌ನಿಂದ ಓದಿ, ಹಿಂದಿನಿಂದ ಅಲ್ಲ. ಮೂರು ಮೂರು ತಿಂಗಳು ಓದಿ ಒಂದು ಅಂಕ ಪಕ್ಕದಲ್ಲಿ ಬರೆದುಕೊಳ್ಳಿ. ಏಪ್ರಿಲ್‌ನಿಂದ ಜೂನ್‌ವರೆಗೆ, ಆಯುಧಪೂಜೆಗೆ ಮುಂಚೆ, ಹೀಗೆ ನಾಲ್ಕು ಅಂಕ. ಇವುಗಳ ಸರಾಸರಿ ತೆಗೆದುಬಿಡಿ ಅಂತ ನಾನು ಹೇಳುವುದಿಲ್ಲ. ಯಾಕೆಂದರೆ ಮನುಷ್ಯ ಬದಲಾಗುತ್ತಾನೆ. ಜುಲೈವರೆಗೆ 2ರಲ್ಲಿದ್ದ ಟ್ರೈನಿ ಆಗಸ್ಟ್‌ನಿಂದ ಒಂದೇ ಸಮ 4ರಲ್ಲಿದ್ದರೆ ಅವನು ಈಗ 4ರವನೇ. ಅಲ್ಲಿ ಕೊನೆಯ ತಿಂಗಳುಗಳಿಗೆ ಬೆಲೆ ಕೊಟ್ಟರೆ ಅದು ರೀಸೆನ್ಸಿ ಅಲ್ಲ. ಕಲಿತದ್ದಕ್ಕೆ ಬೆಲೆ ಕೊಟ್ಟ ಹಾಗೆ. ವ್ಯತ್ಯಾಸ ಗೊತ್ತಾಗುವುದು ಹೀಗೆ: ಕೊನೆಯಲ್ಲಿ ಬದಲಾದದ್ದು ಒಂದು ಘಟನೆಯೋ, ನಡೆದುಕೊಂಡು ಬಂದ ರೀತಿಯೋ? ನಿಮ್ಮ ನೈಟ್ ಸೂಪರ್‌ವೈಸರ್ ಹತ್ತು ತಿಂಗಳು ಫಸ್ಟ್ ಪೀಸ್ ಚೆಕ್ ತಪ್ಪಿಸಿಲ್ಲ, ಒಂದು ರಾತ್ರಿ ತಪ್ಪಿಸಿದರು ಅಂತಾದರೆ ಅದು ಘಟನೆ. ಡಿಸೆಂಬರ್‌ನಿಂದಲೇ ಚೆಕ್ ಶೀಟ್‌ನಲ್ಲಿ ಅಲ್ಲಲ್ಲಿ ಸಹಿ ಇಲ್ಲ ಅಂತಾದರೆ ಅದು ರೀತಿ. 54 ಪೀಸ್ ಸ್ಕ್ರ್ಯಾಪ್ ಆಗದಿದ್ದರೂ ಆ ರೀತಿಗೆ ಅಂಕ ಕಡಿಮೆಯಾಗಬೇಕಿತ್ತು. ಈ ಕೊನೆಯ ಮಾತು ಸ್ವಲ್ಪ ಕಷ್ಟ. ನಷ್ಟ ಎಷ್ಟಾಯಿತು ಅನ್ನುವುದು ಬಹಳ ಸಲ ಅದೃಷ್ಟ. ಏನು ಮಾಡಿದರು ಅನ್ನುವುದಷ್ಟೇ ಅವರ ಕೈಯಲ್ಲಿರುವುದು.

ಇದೆಲ್ಲ ಯಾಕೆ, ರಿಜೆಕ್ಷನ್ ಶೇಕಡಾ ನೋಡಿ ಅಂಕ ಹಾಕಿಬಿಡೋಣ ಅನಿಸಬಹುದು. ಸಂಖ್ಯೆ ಸುಳ್ಳು ಹೇಳುವುದಿಲ್ಲ ಅಂತ. ಹೇಳುತ್ತದೆ. ಹಳೇ ಮಷಿನ್ ಯಾರ ಪಾಲಿಗಿದೆ, ಕಷ್ಟದ ಪಾರ್ಟ್ ಯಾವ ಶಿಫ್ಟ್‌ನಲ್ಲಿ ಓಡುತ್ತದೆ, ರಾತ್ರಿ ಮೆಂಟೆನೆನ್ಸ್‌ನವರು ಇರುತ್ತಾರಾ ಅಂತ ನೋಡದೆ ಆ ಸಂಖ್ಯೆ ಹಿಡಿದರೆ, ಒಳ್ಳೆ ಮಷಿನ್ ಸಿಕ್ಕವನಿಗೆ 5 ಸಿಗುತ್ತದೆ. ರಿಜಿಸ್ಟರ್ ನಿಮಗೆ ಎಲ್ಲಿ ನೋಡಬೇಕು ಅಂತ ತೋರಿಸಲಿ. ಅಂಕ ಅದು ಹಾಕುವುದು ಬೇಡ.

ಈಗ ಆ ಮೂರನೆಯದು, ಎಲ್ಲರಿಗೂ 4.

ನೀವು 4 ಕೊಟ್ಟದ್ದು ಎಂಟೂ ಜನ ನಿಮ್ಮ ಕಣ್ಣಿಗೆ ಒಂದೇ ತರಹ ಕಂಡಿದ್ದಕ್ಕಾ? ಇರಲಿಕ್ಕಿಲ್ಲ. 3 ಕೊಟ್ಟರೆ ಇನ್ಕ್ರಿಮೆಂಟ್ ಕಮ್ಮಿಯಾಗುತ್ತದೆ. ಕಮ್ಮಿಯಾದರೆ ಪಕ್ಕದ ರಸ್ತೆಯ ಕಾರ್ಖಾನೆಯವರು ಎರಡು ಸಾವಿರ ಜಾಸ್ತಿ ಕೊಟ್ಟು ಕರೆದುಕೊಳ್ಳುತ್ತಾರೆ. ಹೊಸಬರು ಸಿಗಲು ಎರಡು ತಿಂಗಳು, ಕಲಿಯಲು ಇನ್ನೂ ಆರು. ಅದಲ್ಲದೆ ನಾಳೆ ಬೆಳಿಗ್ಗೆ ಅದೇ ಮುಖ ನೋಡಬೇಕು, ಅದೇ ಕ್ಯಾಂಟೀನ್‌ನಲ್ಲಿ ಕೂರಬೇಕು. ಇದು ಪಕ್ಷಪಾತ ಅಲ್ಲ, ಲೆಕ್ಕಾಚಾರ. 1987ರಲ್ಲಿ ಲಾಂಗನೆಕರ್ ಮತ್ತು ಜೊತೆಗಾರರು ಅಮೆರಿಕದಲ್ಲಿ 60 ಹಿರಿಯ ಅಧಿಕಾರಿಗಳನ್ನು ಮಾತಾಡಿಸಿದರು. ಆ ಅಧಿಕಾರಿಗಳು ಮುಚ್ಚುಮರೆ ಇಲ್ಲದೆ ಇದನ್ನೇ ಹೇಳಿದರು: ನಿಖರವಾಗಿ ಕೊಡುವುದು ನಮ್ಮ ಮುಖ್ಯ ಉದ್ದೇಶವೇ ಅಲ್ಲ, ತಂಡ ನಡೆಯಬೇಕು. ಸಂಬಳಕ್ಕಾಗಿ ಕೊಡುವ ಅಂಕಗಳು ಕಲಿಕೆಗಾಗಿ ಕೊಡುವ ಅಂಕಗಳಿಗಿಂತ ಮೇಲಿರುತ್ತವೆ ಅಂತ ಆಮೇಲಿನ ಸಂಶೋಧನೆಗಳಲ್ಲೂ ಮತ್ತೆ ಮತ್ತೆ ಕಂಡಿದೆ.

ಹಾಗಾದರೆ ಧಾರಾಳವಾಗಿ ಕೊಟ್ಟರೆ ಯಾರಿಗೆ ನಷ್ಟ? ನಮ್ಮ ಸರ್ಕಾರಿ ನೌಕರಿಯಲ್ಲಿ ಇದಕ್ಕೆ ಒಳ್ಳೆ ಉದಾಹರಣೆ ಇದೆ. ದೇವ್ ದತ್ ಎಂಬ ಎಕ್ಸಿಕ್ಯೂಟಿವ್ ಎಂಜಿನಿಯರ್ ಒಬ್ಬರಿಗೆ 1993-94ರ ಗುಪ್ತ ವರದಿಯಲ್ಲಿ "ಗುಡ್" ಅಂತ ಬರೆದಿದ್ದರು. ಬಡ್ತಿಗೆ ಐದು ವರ್ಷ "ವೆರಿ ಗುಡ್" ಬೇಕಿತ್ತು. ಅವರನ್ನು ಪರಿಗಣಿಸಲೇ ಇಲ್ಲ. ಆ ವರದಿಯನ್ನು ಅವರಿಗೆ ತೋರಿಸಿಯೂ ಇರಲಿಲ್ಲ, "ಗುಡ್" ಕೆಟ್ಟದ್ದಲ್ಲವಲ್ಲ ಅಂತ. 2008ರಲ್ಲಿ ಸುಪ್ರೀಂ ಕೋರ್ಟ್, ಯಾವ ಗ್ರೇಡ್ ಆದರೂ ನೌಕರನಿಗೆ ತಿಳಿಸಲೇಬೇಕು ಎಂದಿತು. ನನಗೆ ಇಲ್ಲಿ ಮುಖ್ಯ ಅನಿಸುವುದು ಇನ್ನೊಂದು. ಅಂಕಗಳೆಲ್ಲ ಮೇಲೆ ಹೋಗಿ ಕೂತಾಗ "ಚೆನ್ನಾಗಿದೆ" ಅನ್ನುವುದೇ ಶಿಕ್ಷೆಯಾಗುತ್ತದೆ. ನಿಮ್ಮಲ್ಲೂ 4 ಎಲ್ಲರಿಗೂ ಸಿಗುವುದಾದರೆ, ಪ್ರಾಮಾಣಿಕವಾಗಿ ಒಬ್ಬರಿಗೆ 3 ಕೊಟ್ಟ ದಿನ ಅವರು "ನನ್ನನ್ನು ಓಡಿಸುತ್ತಿದ್ದಾರೆ" ಅಂದುಕೊಳ್ಳುತ್ತಾರೆ. ಅವರು ಹಾಗೆ ಅಂದುಕೊಳ್ಳುವುದು ಸರಿಯಾಗಿಯೇ ಇದೆ.

ಐಎಎಸ್‌ನಂಥ ಅಖಿಲ ಭಾರತ ಸೇವೆಗಳ 2007ರ ನಿಯಮಗಳಲ್ಲಿ ಅಂಕ 1ರಿಂದ 10. ಅದರಲ್ಲಿ 1, 2 ಅಥವಾ 9, 10 ಕೊಟ್ಟರೆ ನಿರ್ದಿಷ್ಟ ವೈಫಲ್ಯ ಅಥವಾ ಸಾಧನೆ ಬರೆದು ಸಮರ್ಥಿಸಬೇಕು. ಯೋಚನೆ ಒಳ್ಳೆಯದು. ಆದರೆ ನಿಮ್ಮಲ್ಲಿ ತರುವುದಾದರೆ ಒಂದು ಬದಲಾವಣೆ ಮಾಡಿ. ತುದಿಯ ಅಂಕಕ್ಕೆ ಮಾತ್ರ ಕಾರಣ ಬರೆಯಬೇಕು ಅಂದರೆ, ಬರೆಯುವ ಕಷ್ಟ ತಪ್ಪಿಸಿಕೊಳ್ಳಲು ಎಲ್ಲರೂ ತುದಿಯ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತಾರೆ. 5 ಬೇಡ, 4 ಇರಲಿ ಅಂತ. ಅದಕ್ಕೆ ಎಲ್ಲ ಅಂಕಕ್ಕೂ ಎರಡು ಸಾಲು ಕಾರಣ ಇರಲಿ. 4ಕ್ಕೂ.

ನೀವು ಮಾಡಬಹುದಾದ ಇನ್ನೆರಡು ಕೆಲಸಗಳಿವೆ. ಕೆಟ್ಟ ವಿಷಯವನ್ನು ಆ ವಾರವೇ ಹೇಳಿ. ಫೆಬ್ರವರಿಯಲ್ಲೇ ಸೀನಿಯರ್ ಸೆಟ್ಟರ್‌ನನ್ನು ಪಕ್ಕಕ್ಕೆ ಕರೆದು, "ಅಣ್ಣಾ, ಆಫ್‌ಸೆಟ್ ಲಾಗ್‌ನಲ್ಲಿ ಇರಲಿಲ್ಲ, ಇನ್ನು ಮೇಲೆ ಬರೆಯಲೇಬೇಕು, ಇದನ್ನು ನಾನು ನೋಟ್ ಮಾಡಿಕೊಂಡಿದ್ದೇನೆ" ಅಂದಿದ್ದರೆ ಮಾರ್ಚ್‌ನಲ್ಲಿ 3 ಕೊಡುವುದು ಅಷ್ಟು ಭಾರ ಆಗುವುದಿಲ್ಲ. ಒಂದು ವರ್ಷದ ಮೌನವನ್ನು ಒಂದು ಅಂಕದಲ್ಲಿ ಹೇಳಲು ಹೋದಾಗಲೇ ಕೈ ನಡುಗುವುದು. ಎರಡನೆಯದು, ಸಂಬಳದ ಕಾಳಜಿಯನ್ನು ಸಂಬಳ ಅಂತಲೇ ಹೇಳಿ. ಸೀನಿಯರ್ ಸೆಟ್ಟರ್ ಬಿಟ್ಟು ಹೋಗಬಾರದು ಅಂತಿದ್ದರೆ, "ಇವರ ಸಂಬಳ ಮಾರ್ಕೆಟ್‌ಗಿಂತ ಕಡಿಮೆ ಇದೆ, ಸರಿ ಮಾಡಿ" ಅಂತ ನಿಮ್ಮ ಮೇಲಿನವರಿಗೆ ಬೇರೆ ಪತ್ರ ಬರೆಯಿರಿ. ಹ್ಯಾಂಡೋವರ್ ಕಾಲಂನ 5ರಲ್ಲಿ ಆ ಮಾತು ಅಡಗಿಸಬೇಡಿ. ಅಡಗಿಸಿದರೆ ಮುಂದಿನ ವರ್ಷವೂ ಅವರು ಲಾಗ್ ಬರೆಯುವುದಿಲ್ಲ.

ಇದರ ಮಿತಿಯನ್ನೂ ಹೇಳಬೇಕು. ನೀವೊಬ್ಬರೇ ಸರಿಯಾಗಿ ಕೊಟ್ಟು, ಪಕ್ಕದ ಅಸೆಂಬ್ಲಿ ವಿಭಾಗದ ಮ್ಯಾನೇಜರ್ ಎಲ್ಲರಿಗೂ 4 ಕೊಟ್ಟರೆ, ಪೆಟ್ಟು ಬೀಳುವುದು ನಿಮ್ಮ ಜನಕ್ಕೆ. ಇದು ನಿಜವಾದ ಅನ್ಯಾಯ. "ನಾನು ಪ್ರಾಮಾಣಿಕ" ಅಂತ ನೀವು ಸಮಾಧಾನ ಮಾಡಿಕೊಂಡರೆ ಅವರ ಇನ್ಕ್ರಿಮೆಂಟ್ ವಾಪಸ್ ಬರುವುದಿಲ್ಲ. ಹಾಗಾಗಿ ಅಂಕ ಕಳಿಸುವ ಮೊದಲು ಆ ಮ್ಯಾನೇಜರ್ ಜೊತೆ ಒಂದು ಗಂಟೆ ಕೂತುಕೊಳ್ಳಿ. ಹೆಸರಿಲ್ಲದ ಎರಡು ಕಾಲ್ಪನಿಕ ಕೆಲಸಗಾರರ ವರ್ಷವನ್ನು ಅರ್ಧರ್ಧ ಪುಟದಲ್ಲಿ ಬರೆದು, ಇಬ್ಬರೂ ಬೇರೆ ಬೇರೆಯಾಗಿ ಅಂಕ ಹಾಕಿ. ನೀವು 3, ಅವರು 5 ಅಂದರೆ ಯಾವ ಸಾಲು ನೋಡಿ ಹಾಗೆ ಅಂದರು ಅಂತ ಮಾತಾಡಿ. ಒಂದೇ ಅಳತೆಗೆ ಬರುವ ಈ ತರಹದ ಅಭ್ಯಾಸಕ್ಕೆ ಸಂಶೋಧನೆಯ ಬೆಂಬಲ ಗಟ್ಟಿಯಾಗಿದೆ. ದೋಷಗಳ ಪಟ್ಟಿ ಓದಿಸುವ ಟ್ರೈನಿಂಗ್‌ಗಿಂತ ಇದು ನಿಖರತೆ ಹೆಚ್ಚಿಸುತ್ತದೆ.

ಮ್ಯಾನೇಜ್‌ಮೆಂಟ್‌ನವರು ಇದಕ್ಕೆಲ್ಲ ಒಂದೇ ಮದ್ದು ಅಂತ, ಯಾವ ಅಂಕ ಶೇಕಡಾ ಎಷ್ಟು ಜನಕ್ಕೆ ಅಂತ ಮೊದಲೇ ಗೊತ್ತುಮಾಡುವ ಬೆಲ್ ಕರ್ವ್ ತಂದರೆ ಮಾತ್ರ ವಿರೋಧಿಸಿ. ಎಂಟು ಜನರಲ್ಲಿ ಕೆಳಗಿನ ಶೇಕಡಾ 10 ಅಂದರೆ 0.8 ಮನುಷ್ಯ. ಆ 0.8 ಮನುಷ್ಯನನ್ನು ಎಲ್ಲಿಂದ ತರುತ್ತೀರಿ? ಸಾವಿರಾರು ಜನರಿದ್ದ ಮೈಕ್ರೋಸಾಫ್ಟ್ ಕೂಡ 2013ರಲ್ಲಿ ಇಂಥ ಬಲವಂತದ ಹಂಚಿಕೆ ಕೈಬಿಟ್ಟಿತು.

ಈ ಮಾರ್ಚ್‌ಗೆ ನಿಮ್ಮ ಹತ್ತಿರ ನೋಟ್‌ಬುಕ್ ಇಲ್ಲ. ಹಾಗಾಗಿ ಹೀಗೆ ಮಾಡಿ. ಎಂಟೂ ಜನಕ್ಕೆ ಒಂದೊಂದು ಹಾಳೆ ಕೊಟ್ಟು, ಏಪ್ರಿಲ್‌ನಿಂದ ಎರಡೆರಡು ತಿಂಗಳಿಗೆ ಒಂದರಂತೆ, ತಾವು ಮಾಡಿದ ಆರು ಕೆಲಸ ಬರೆಯಲು ಹೇಳಿ. ಕಷ್ಟವಾದದ್ದು, ಕೆಟ್ಟುಹೋದದ್ದೂ ಸೇರಿ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ. ಹಾಗೆಯೇ ತಿಂಗಳಿಗೆ ನಾಲ್ಕು ದಿನದ ಲಾಗ್ ಬುಕ್ ಪುಟ ಕಣ್ಣುಮುಚ್ಚಿ ಆರಿಸಿ. ಹ್ಯಾಂಡೋವರ್, ಫಸ್ಟ್ ಪೀಸ್ ಸಹಿ, ಇವೆರಡನ್ನು ಮಾತ್ರ ಎಲ್ಲರಿಗೂ ಎಣಿಸಿ. ನಂತರ ಕಾಲಂ ಪ್ರಕಾರ ಅಂಕ ಹಾಕಿ. ಯಾವ ಚೌಕಕ್ಕೆ ಒಂದೂ ಘಟನೆ ಸಿಗಲಿಲ್ಲವೋ ಅಲ್ಲಿ ಸುಮ್ನೆ 3 ತುಂಬಬೇಡಿ, 4ನ್ನೂ ಬೇಡ. "ಆಧಾರ ಸಾಲದು" ಅಂತ ಬರೆದು ಎಚ್‌ಆರ್‌ಗೆ ಕಳಿಸಿ. ಅವರು ಫೋನ್ ಮಾಡುತ್ತಾರೆ, ಫಾರಂನಲ್ಲಿ ಅಂಥ ಆಯ್ಕೆ ಇಲ್ಲ ಅನ್ನುತ್ತಾರೆ. ಆಗ ಎಂಟು ಜನರ ಹಾಳೆ, ಲಾಗ್ ಬುಕ್ ಎಣಿಕೆ ಎರಡನ್ನೂ ಹಿಡಿದುಕೊಂಡು ಅವರ ಮೇಜಿಗೇ ಹೋಗಿ ಕೂತುಕೊಳ್ಳಿ. ಆ ಚೌಕಗಳು ಖಾಲಿ ಯಾಕೆ ಉಳಿದವು ಅಂತ ತೋರಿಸಿ, ಏಪ್ರಿಲ್ ಮೊದಲ ಶುಕ್ರವಾರದಿಂದ ಸರದಿಯ ನೋಟ್‌ಬುಕ್ ಶುರು ಮಾಡಲು ಅವರಿಂದಲೇ ಒಪ್ಪಿಗೆ ತೆಗೆದುಕೊಳ್ಳಿ.